ಬೇಡ ಎನ್ನಲು ಕಾರಣ ಬೇಕೆ?

ನಮ್ಮ ಶಿರಸಿ, ಸಿದ್ದಾಪುರದ ಕಡೆ ಮದುವೆ ಮಾತುಕತೆಯಲ್ಲಿ ‘ಹುಡುಗ ಬೇಡ’ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಕೆಲಸವನ್ನು ಜಾತಕಕ್ಕೆ ವಹಿಸಿಬಿಡುತ್ತಾರೆ. ಹೆಣ್ಣು ನೋಡಿ ಹೋದ ವಾರದಲ್ಲಿ ಮಧ್ಯಸ್ಥರ ಫೋನು ಬರುತ್ತದೆ: ‘ಜಾತಕ ಕೂಡಿ ಬತ್ತಿಲ್ಲೆ ಮಾರಾಯ್ರೆ.’ ಜಾತಕದ ಹಾಳೆ ಮಡಿಕೆ ಬಿಚ್ಚದೆ ಪೆಟ್ಟಿಗೆಯಲ್ಲೇ ಇರಬಹುದು ಎಂಬುದು ಎರಡೂ ಮನೆಯವರಿಗೆ ಗೊತ್ತು. ಆದರೂ ಯಾರೂ ‘ಎಲ್ಲಿ, ಯಾವ ಕೂಟ ತಪ್ಪಿತು ತೋರಿಸಿ’ ಎನ್ನುವುದಿಲ್ಲ. ಮುಂದಿನ ತಿಂಗಳು ಯಾರದೋ ಮನೆ ಉಪನಯನದಲ್ಲಿ ಅದೇ ಜನ ಒಂದೇ ಪಂಕ್ತಿಯಲ್ಲಿ ಕೂತು ‘ಅಪ್ಪೆಹುಳಿ ಚೊಲೋ ಆಜು’ ಎನ್ನುತ್ತ ಊಟ ಮಾಡುತ್ತಾರೆ. ಗ್ರಹಗಳು ಕೂಡಲಿಲ್ಲ, ಅಷ್ಟೆ. ಯಾರೂ ಯಾರನ್ನೂ ಒಲ್ಲೆ ಅನ್ನಲಿಲ್ಲ.

ಈ ಪದ್ಧತಿಯನ್ನು ನಾನು ಹಗುರ ಮಾಡುವುದಿಲ್ಲ. ಎಷ್ಟೋ ಮನೆಗಳ ಮಾನ ಉಳಿಸಿದ ಪದ್ಧತಿ ಇದು. ಆದರೆ ಅದು ನಡೆಯುವುದು ನಡುವೆ ಒಬ್ಬ ಮಧ್ಯಸ್ಥ ಇರುವುದರಿಂದ, ಎರಡೂ ಕಡೆಯವರಿಗೆ ಆಟದ ನಿಯಮ ತಿಳಿದಿರುವುದರಿಂದ, ಮತ್ತು ಒಂದು ಉಪ್ಪಿಟ್ಟು-ಚಹಾದ ಭೇಟಿಯಲ್ಲಿ ಯಾರ ಮನಸ್ಸೂ ಹಿಂದೆ ಬರಲಾರದಷ್ಟು ದೂರ ಹೋಗಿರುವುದಿಲ್ಲವಾದ್ದರಿಂದ. ಹುಡುಗನೊಬ್ಬ ತಾನಾಗಿಯೇ, ಪರಿಚಯದ ಹುಡುಗಿಯ ಎದುರು ನಿಂತು ‘ನೀನೆಂದರೆ ಇಷ್ಟ’ ಎಂದಾಗ ಇವುಗಳಲ್ಲಿ ಒಂದೂ ಇರುವುದಿಲ್ಲ. ಅಲ್ಲಿ ಜಾತಕದ ನೆಪ ಹೂಡಿದರೆ ಏನಾಗುತ್ತದೆ ಎನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದು ನನ್ನ ಚಿಕ್ಕಮ್ಮನ ಮಗಳ ವಿಷಯದಲ್ಲಿ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ಒಂದೆರಡು ವಿವರ ಬದಲಿಸಿದ್ದೇನೆ.

ತಂಗಿ ಶಿರಸಿಯಲ್ಲಿ ಕೆಲಸ ಮಾಡುತ್ತಾಳೆ. ಭಾನುವಾರ ಯಕ್ಷಗಾನದ ಕ್ಲಾಸಿಗೆ ಹೋಗುತ್ತಾಳೆ, ಭಾಗವತಿಕೆ ಕಲಿಯಲು. ಅದೇ ಕ್ಲಾಸಿನಲ್ಲಿ ಮದ್ದಲೆ ಕಲಿಯುತ್ತಿದ್ದವನು ಈ ಮಾಣಿ. ಘಟ್ಟದ ಅಂಚಿನ ಹಳ್ಳಿಯವನು, ಅಡಿಕೆ ತೋಟ ಮಾಡಿಕೊಂಡು ಅಪ್ಪ-ಅಮ್ಮನ ಜೊತೆ ಇದ್ದಾನೆ. ಒಳ್ಳೆಯವನು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಕೆಟ್ಟವನಿಗೆ ಬೇಡ ಎನ್ನುವುದು ಅಂಥ ಕಷ್ಟವಲ್ಲ, ಅದಕ್ಕೆ ಬ್ಲಾಗ್ ಬರೆಯಬೇಕಾಗಿಯೂ ಇಲ್ಲ. ಕೈ ನಡುಗುವುದು ಎದುರಿಗಿದ್ದವನ ಮೇಲೆ ಒಂದೇ ಒಂದು ದೂರೂ ಇಲ್ಲದಿದ್ದಾಗ. 2024ರ ಮಾರ್ಚಿನಲ್ಲಿ ಮಾರಿಕಾಂಬಾ ಜಾತ್ರೆ ನಡೆಯಿತಲ್ಲ, ಕ್ಲಾಸಿನವರೆಲ್ಲ ಒಟ್ಟಿಗೆ ಬಿಡ್ಕಿಬೈಲಿಗೆ ಹೋಗಿ ಬಂದಿದ್ದರು. ಅದಾದ ಮೇಲೆ ಅವನಿಂದ ಉದ್ದನೆಯ ಮೆಸೇಜು ಬಂತು. ಮರ್ಯಾದೆಯಾಗಿ, ಬಣ್ಣ ಹಚ್ಚದೆ, ಮದುವೆಯ ಮನಸ್ಸಿದೆ ಎಂದು ಬರೆದಿದ್ದ.

ತಂಗಿ ಫೋನು ಮಾಡಿ ಉತ್ತರ ಕೊಟ್ಟಳು. ಅವಳ ಉತ್ತರದಲ್ಲಿ ಇದ್ದದ್ದು ಹೀಗೆ: ಈಗ ಮದುವೆಯ ಯೋಚನೆ ಇಲ್ಲ, ಪರೀಕ್ಷೆ ಕಟ್ಟಬೇಕೆಂದಿದ್ದೇನೆ, ಮನೆಯಲ್ಲಿ ಜಾತಕ ನೋಡದೆ ಮಾತೇ ಎತ್ತುವುದಿಲ್ಲ, ನಮ್ಮದು ಕೂಡುವುದು ಅನುಮಾನ, ಅಪ್ಪನಿಗೆ ಪೇಟೆಯ ಕಡೆ ಕೊಡಬೇಕೆಂದಿದೆ. ಮಾತಿನ ನಡುವೆ ಫೋನು ಕಟ್ಟಾಯಿತು. ಅವನ ಊರಿನಲ್ಲಿ ನೆಟ್‌ವರ್ಕ್ ಸಿಗಬೇಕೆಂದರೆ ಸೊಪ್ಪಿನ ಬೆಟ್ಟ ಹತ್ತಬೇಕು, ಅಲ್ಲಿಯೂ ಗಾಳಿ ಯಾವ ಕಡೆಗಿದೆ ಎನ್ನುವುದರ ಮೇಲೆ. ‘ಹಲೋ, ಕೇಳ್ತಾ ಇದ್ದಾ’ ಎನ್ನುವುದರಲ್ಲೇ ಅರ್ಧ ಮಾತು ಹೋಯಿತು. ಕೊನೆಯಲ್ಲಿ ಇವಳು ಹೇಳಿದ್ದು, ನಮ್ಮ ಕಡೆಯವರೆಲ್ಲ ಹೇಳುವಂತೆ, ‘ನೋಡ್ವ’.

ಅವನು ನೋಡಿದ. ಅದನ್ನೇ ಅಲ್ಲವೇ ಇವಳು ಹೇಳಿದ್ದು. ಇವಳ ಜನ್ಮದಿನ ಕ್ಲಾಸಿನ ಹುಡುಗಿಯರಿಂದ ತಿಳಿದುಕೊಂಡು ಗೋಕರ್ಣದ ಕಡೆ ಜೋಯಿಸರೊಬ್ಬರಿಗೆ ತೋರಿಸಿದ. ಮೂವತ್ತಾರು ಗುಣದಲ್ಲಿ ಹದಿನೆಂಟು ಬಂದರೆ ಸಾಕು ಎನ್ನುತ್ತಾರೆ, ಇವರದು ಇಪ್ಪತ್ತರ ಮೇಲೆ ಬಂತಂತೆ. ಪರೀಕ್ಷೆ ಇದೆ ಎಂದಳಲ್ಲ, ಮುಗಿಯುವವರೆಗೆ ಕಾಯುತ್ತೇನೆ ಎಂದ. ಪೇಟೆಯಲ್ಲಿ ಇರಬೇಕೆಂದರೆ ಶಿರಸಿಯಲ್ಲೇ ಬಾಡಿಗೆ ಮನೆ ಮಾಡೋಣ, ತೋಟಕ್ಕೆ ನಾನು ದಿನಾ ಬೈಕಿನಲ್ಲಿ ಹೋಗಿಬರುತ್ತೇನೆ ಎಂದು ಲೆಕ್ಕ ಹಾಕಿ ಕಳಿಸಿದ. ಅವಳು ಕೊಟ್ಟ ಮೂರೂ ಕಾರಣಗಳಿಗೆ ಮೂರು ಪರಿಹಾರ. ತಂಗಿ ನನ್ನ ಮನೆಗೆ ಬಂದು ಜಗುಲಿಯಲ್ಲಿ ಕೂತು, ‘ಅಕ್ಕಾ, ಅವ ಯಾವ್ದಕ್ಕೂ ಬಗ್ತಿಲ್ಲೆ’ ಎಂದು ಕಣ್ಣೀರು ಹಾಕಿದಳು.

ಅವನು ಹಟಮಾರಿಯಾಗಿದ್ದಕ್ಕೆ ಹೀಗಾಯಿತು ಎನಿಸಲಿಲ್ಲ ನನಗೆ. ಅವಳು ಕೊಟ್ಟ ಕಾರಣಗಳೆಲ್ಲವೂ ದುಡಿದು ದಾಟಬಹುದಾದಂಥವು. ತೋಟ ಮಾಡುವವನಿಗೆ ಅಡ್ಡಿ ಬಂದರೆ ಕೂತು ಅಳುವುದು ಗೊತ್ತಿಲ್ಲ. ಕೊಳೆ ಬಂದರೆ ಮದ್ದು ಹೊಡೆಯುತ್ತಾನೆ, ನೀರು ನಿಂತರೆ ಬಸಿಗಾಲುವೆ ತೆಗೆಯುತ್ತಾನೆ. ಕಾರಣ ಎಂದು ಇವಳು ಇಟ್ಟದ್ದನ್ನು ಅವನು ಕೆಲಸದ ಪಟ್ಟಿ ಎಂದು ತೆಗೆದುಕೊಂಡ. ನಿಜವಾದ ಕಾರಣ, ಅಂದರೆ ಇವಳಿಗೆ ಅವನ ಮೇಲೆ ಆ ಬಗೆಯ ಮನಸ್ಸು ಇಲ್ಲ ಎನ್ನುವುದು, ಆ ಪಟ್ಟಿಯಲ್ಲಿ ಇರಲೇ ಇಲ್ಲ. ಅದನ್ನು ಹೇಳಿದರೆ ಅವನಿಗೆ ನೋವಾಗುತ್ತದೆ ಎಂದು ಬಿಟ್ಟಿದ್ದಳು. ಅದೊಂದಕ್ಕೆ ಮಾತ್ರ ಅವನ ಬಳಿ ಮದ್ದು ಇರಲಿಲ್ಲ.

ಒಲ್ಲದ ಪ್ರೀತಿಯ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪ್ರೀತಿಸಿ ಸಿಗದೆ ಹೋದವರಿಂದಲೂ, ಬೇರೊಬ್ಬರ ಪ್ರೀತಿಯನ್ನು ಒಲ್ಲೆ ಎಂದವರಿಂದಲೂ ಅನುಭವ ಬರೆಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಪ್ರೀತಿಸಿದವರ ಬರಹದಲ್ಲಿ ‘ಆಸೆ ಹುಟ್ಟಿಸಿದರು, ಸ್ಪಷ್ಟವಾಗಿ ಬೇಡ ಎನ್ನಲಿಲ್ಲ’ ಎಂಬ ಮಾತು. ಒಲ್ಲೆ ಎಂದವರ ಬರಹದಲ್ಲಿ ‘ನಾನು ಸ್ಪಷ್ಟವಾಗಿಯೇ ಹೇಳಿದ್ದೆ’ ಎಂಬ ಮಾತು. ನನಗೆ ಹಿಡಿಸಿದ್ದು ಇನ್ನೊಂದು ಅಂಶ. ಪ್ರೀತಿಸುವವನು ಹೇಗೆ ನಡೆದುಕೊಳ್ಳಬೇಕೆಂದು ಕಥೆ, ಹಾಡು, ಸಿನಿಮಾ ಎಲ್ಲವೂ ಹೇಳಿಕೊಡುತ್ತವೆ: ಬಿಡಬೇಡ, ಕಾಯಿ, ಒಂದು ದಿನ ಒಲಿಯುತ್ತಾಳೆ. ಒಲ್ಲೆ ಎನ್ನುವವಳು ಯಾವ ಮಾತು ಆಡಬೇಕು ಎಂದು ಹೇಳಿಕೊಡುವವರು ಯಾರೂ ಇಲ್ಲ. ತಂಗಿಗೆ ಗೊತ್ತಿದ್ದದ್ದು ನಮ್ಮ ಹಿರಿಯರ ಜಾತಕದ ಮಾತೊಂದೇ. ಅದನ್ನೇ ಆಡಿದಳು.

ಇಲ್ಲಿ ಒಂದು ತಕರಾರು ಬರಬಹುದು, ನನಗೂ ಬಂತು. ನಾವು ದಿನಕ್ಕೆ ಹತ್ತು ಸಲ ಸುತ್ತಿ ಬಳಸಿಯೇ ಇಲ್ಲ ಎನ್ನುತ್ತೇವೆ. ‘ಊಟಕ್ಕೆ ಏಳಿ’ ಎಂದರೆ ‘ಅಯ್ಯೋ, ಈಗಷ್ಟೇ ಆಸರಿಗೆ ಕುಡಿದೆ’ ಎನ್ನುತ್ತೇವೆ, ಕೇಳಿದವರಿಗೆ ಅರ್ಥವಾಗುತ್ತದೆ. ಹಾಗಿದ್ದ ಮೇಲೆ ಅವನಿಗೂ ಅರ್ಥವಾಗಬೇಕಿತ್ತಲ್ಲ, ಎಲ್ಲ ಭಾರ ಹುಡುಗಿಯ ಮೇಲೇ ಯಾಕೆ? ಸರಿಯಾದ ಮಾತು. ಅವನಿಗೆ ಒಳಗೆಲ್ಲೋ ಅರ್ಥವಾಗಿರಲೂಬಹುದು. ಆದರೆ ಮನಸ್ಸು ಸಿಕ್ಕಿಬಿದ್ದವನು ತನಗೆ ಬೇಕಾದ ಕಡೆಯಿಂದ ಮಾತನ್ನು ಹಿಡಿಯುತ್ತಾನೆ, ‘ಈಗ ಬೇಡ’ ಎನ್ನುವುದರಲ್ಲಿ ‘ಬೇಡ’ ಬಿಟ್ಟು ‘ಈಗ’ ಎತ್ತಿಕೊಳ್ಳುತ್ತಾನೆ. ಸ್ಪಷ್ಟವಾಗಿ ಹೇಳುವುದು ಅವನಿಗೆ ಬುದ್ಧಿ ಕಡಿಮೆ ಎಂದಲ್ಲ, ಹಾಗೆ ಎತ್ತಿಕೊಳ್ಳಲು ಏನೂ ಉಳಿಯದಿರಲಿ ಎಂದು.

ಸರಿ, ಹೇಗೆ ಹೇಳುವುದು? ಮೊದಲು ಮೆಸೇಜೇ ಬರೆಯೋಣ ಎಂದು ಕೂತೆವು. ತಂಗಿ ಬರೆದ ಮೊದಲ ಕರಡು ಹೀಗಿತ್ತು: ‘ನೀನು ತುಂಬ ಒಳ್ಳೆಯವನು, ನಿನ್ನಂಥವನು ಸಿಗುವುದು ಯಾರಿಗಾದರೂ ಪುಣ್ಯ. ದಯವಿಟ್ಟು ಕ್ಷಮಿಸು, ನನ್ನದೇ ತಪ್ಪು. ಸದ್ಯಕ್ಕೆ ನನಗೆ ಆ ಬಗ್ಗೆ ಯೋಚಿಸಲು ಆಗುತ್ತಿಲ್ಲ. ನಾವು ಯಾವಾಗಲೂ ಒಳ್ಳೆಯ ಸ್ನೇಹಿತರಾಗಿರೋಣ.’

ಓದಲು ಚೆಂದ. ಪ್ರತಿ ವಾಕ್ಯವೂ ಒಂದೊಂದು ಬಾಗಿಲು ತೆರೆದಿಡುತ್ತದೆ. ‘ಯಾರಿಗಾದರೂ ಪುಣ್ಯ’ ಎಂದರೆ ಅವನು ಕೇಳುವ ಮೊದಲ ಪ್ರಶ್ನೆ, ಹಾಗಾದರೆ ಆ ಪುಣ್ಯ ನಿನಗೇಕೆ ಬೇಡ? ಗಂಡನಾಗಲು ಇವನು ಯೋಗ್ಯ ಎಂದು ಹೊಗಳಿ, ಅದೇ ಉಸಿರಿನಲ್ಲಿ ಬೇಡ ಎಂದರೆ ಕೇಳುವವನ ತಲೆ ತಿರುಗದೆ ಏನಾಗುತ್ತದೆ. ಹೊಗಳಬಾರದೆಂದಲ್ಲ. ಹೊಗಳಿಕೆ ಅವನು ಮಾಡಿದ ಯಾವುದೋ ಒಂದು ನಿಜವಾದ ಕೆಲಸದ ಬಗ್ಗೆ ಇರಲಿ, ಗಂಡನ ಯೋಗ್ಯತಾ ಪತ್ರವಾಗುವುದು ಬೇಡ. ಅವನು ಈ ವಿಷಯವನ್ನು ಕ್ಲಾಸಿನಲ್ಲಿ ಯಾರಿಗೂ ಹೇಳಿರಲಿಲ್ಲ, ಇವಳ ಹಿಂದೆ ಮುಂದೆ ಸುತ್ತಿರಲಿಲ್ಲ, ನೇರವಾಗಿ ಕೇಳಿದ್ದ. ‘ನೀನು ನೇರವಾಗಿ ಕೇಳಿದೆ, ಬೇರೆಯವರ ಬಾಯಿಗೆ ಹಾಕಲಿಲ್ಲ, ಅದು ನನಗೆ ದೊಡ್ಡದು.’ ಈ ಹೊಗಳಿಕೆಗೆ ಮರುಪ್ರಶ್ನೆ ಹುಟ್ಟುವುದಿಲ್ಲ.

‘ಕ್ಷಮಿಸು, ನನ್ನದೇ ತಪ್ಪು’ ಎನ್ನುವುದನ್ನು ತೆಗೆಸಲು ನನಗೆ ಸಾಕುಸಾಕಾಯಿತು. ಕ್ಷಮೆ ಕೇಳದಿದ್ದರೆ ಸೊಕ್ಕು ಎನಿಸುವುದಿಲ್ಲವೇ ಎಂದು ಅವಳ ವಾದ. ಗಿಲಿ ಫ್ರೀಡ್‌ಮನ್ ಎಂಬ ಸಂಶೋಧಕಿ ಮತ್ತು ಸಂಗಡಿಗರು 2017ರಲ್ಲಿ ಇದನ್ನೇ ಪರೀಕ್ಷಿಸಿದ್ದಾರೆ. ಬೇಡ ಎನ್ನುವಾಗ ‘ಸಾರಿ’ ಸೇರಿಸಿದರೆ ನೋವು ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ ಎಂದು ಅವರಿಗೆ ಕಂಡಿತು. ಕೇಳಿದವರಿಗೆ ಒಳಗಿಂದ ಕ್ಷಮೆ ಹುಟ್ಟದಿದ್ದರೂ ‘ಪರವಾಗಿಲ್ಲ ಬಿಡು’ ಎಂದು ಬಾಯಿಮಾತಿಗಾದರೂ ಹೇಳಬೇಕಾದ ಒತ್ತಾಯ ಬರುತ್ತದೆ. ಅವರು ನೋಡಿದ್ದು ಒಟ್ಟಿಗಿರುವ ಜನ ಒಬ್ಬರನ್ನು ಹೊರಗಿಡುವಂಥ ಸಣ್ಣ ಸಂದರ್ಭಗಳನ್ನು, ಮದುವೆಯ ಮಾತನ್ನಲ್ಲ. ಆದರೂ ನನಗೆ ಒಪ್ಪಿಗೆಯಾಯಿತು. ಪೆಟ್ಟು ತಿಂದವನ ಹತ್ತಿರ ಸಮಾಧಾನವನ್ನೂ ಕೇಳುವುದು ಯಾವ ನ್ಯಾಯ? ಅಲ್ಲದೆ ಮನಸ್ಸು ಹುಟ್ಟದಿರುವುದು ತಪ್ಪೇ ಅಲ್ಲ. ತಪ್ಪು ಎಂದು ಒಪ್ಪಿಕೊಂಡರೆ ಮುಂದೆ ಅದನ್ನು ತಿದ್ದಿಕೋ ಎಂಬ ಮಾತು ಬರುತ್ತದೆ. ‘ನಿನಗೆ ಬೇಜಾರಾಗುತ್ತದೆ ಎಂದು ಗೊತ್ತು’ ಎಂದರೆ ಸಾಕು.

‘ಸದ್ಯಕ್ಕೆ’ ಎಂಬುದನ್ನು ಹೊಡೆದು ಹಾಕಿದೆವು, ಅದರ ಬಗ್ಗೆ ಚರ್ಚೆಯಾಗಲಿಲ್ಲ. ಸ್ನೇಹಿತರಾಗಿರೋಣ ಎನ್ನುವುದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿದೆವು. ಅದು ಸುಳ್ಳಲ್ಲ, ಅವಳಿಗೆ ಅವನ ಸ್ನೇಹ ನಿಜವಾಗಿಯೂ ಬೇಕಿತ್ತು. ಆದರೆ ಬೇಡ ಎಂದ ಕ್ಷಣದಲ್ಲೇ ಸ್ನೇಹ ಮುಂದೆ ಚಾಚಿದರೆ ಅವನು ಅದನ್ನು ಹತ್ತಿರ ಇರಲು ಸಿಕ್ಕ ಅನುಮತಿ ಎಂದುಕೊಳ್ಳುತ್ತಾನೆ. ದಿನಾ ‘ಊಟ ಆತಾ’ ಎಂದು ಮೆಸೇಜು, ಇವಳು ಉತ್ತರಿಸದಿದ್ದರೆ ಮುನಿಸು, ಉತ್ತರಿಸಿದರೆ ಆಸೆ. ಸ್ನೇಹ ಉಳಿಯುವುದಿದ್ದರೆ ಮಳೆಗಾಲ ಒಂದು ಕಳೆದ ಮೇಲೆ, ಅವನ ಕಡೆಯಿಂದ, ತಾನಾಗಿಯೇ ಉಳಿಯಲಿ. ಈಗ ಹೇಳಬೇಕಾದದ್ದು ನಾಳೆಯಿಂದ ಏನಿರುತ್ತದೆ, ಏನಿರುವುದಿಲ್ಲ ಎನ್ನುವುದನ್ನು ಮಾತ್ರ: ಕ್ಲಾಸಿನಲ್ಲಿ ಎಲ್ಲರ ಹಾಗೆ ಮಾತಾಡೋಣ, ಬೇರೆ ಫೋನು-ಮೆಸೇಜು ಬೇಡ.

ಇನ್ನೊಂದು ಉಪಾಯವನ್ನು ಅವಳ ಗೆಳತಿ ಹೇಳಿಕೊಟ್ಟಿದ್ದಳು, ಇನ್ನು ಮೇಲೆ ಅವನನ್ನು ‘ಅಣ್ಣಾ’ ಎಂದು ಕರೆದುಬಿಡು ಎಂದು. ನಮ್ಮ ಕಡೆ ಇದೂ ಬಳಕೆಯಲ್ಲಿರುವ ಅಸ್ತ್ರವೇ. ನನಗೆ ಮಾತ್ರ ಇದು ಕ್ರೂರ ಎನಿಸುತ್ತದೆ. ನಿನ್ನೆಯವರೆಗೆ ಹೆಸರು ಹಿಡಿದು ಕರೆಯುತ್ತಿದ್ದವಳು ಹತ್ತು ಜನರ ಎದುರು ಅಣ್ಣ ಎಂದರೆ, ಅವನ ಮನಸ್ಸಿನಲ್ಲಿದ್ದದ್ದು ಹೊಲಸು ಎಂದು ಸಾರಿದ ಹಾಗೆ. ಬೇಡ ಎಂದು ಹೇಳಲೂ ಇಲ್ಲ, ಅವಮಾನವೂ ಆಯಿತು.

ಕರಡು ತಿದ್ದಿ ಮುಗಿಯುವ ಹೊತ್ತಿಗೆ ಇದನ್ನು ಮೆಸೇಜಿನಲ್ಲಿ ಕಳಿಸುವುದು ಬೇಡ ಎಂದು ತಂಗಿಗೇ ಅನಿಸಿತು. ಬೇರೆಯವರ ವಿಷಯದಲ್ಲಾದರೆ ನಾನು ಮೆಸೇಜೇ ಸರಿ ಎನ್ನುತ್ತಿದ್ದೆ. ಎದುರಿಗಿರುವವನ ಸಿಟ್ಟಿನ ಬಗ್ಗೆ ಒಂದು ಚೂರು ಹೆದರಿಕೆ ಇದ್ದರೂ ಮುಖಾಮುಖಿಯಾಗುವ ಅಗತ್ಯವಿಲ್ಲ, ಬರೆದು ಕಳಿಸಿ, ಮನೆಯವರಿಗೂ ತಿಳಿಸಿ. ಇವನ ಬಗ್ಗೆ ಆ ಹೆದರಿಕೆ ಇರಲಿಲ್ಲ. ಅವನು ಬೆಟ್ಟ ಹತ್ತಿ, ನೆಟ್‌ವರ್ಕ್ ಸಿಕ್ಕಿದೊಡನೆ ಒಬ್ಬನೇ ನಿಂತು ಇದನ್ನು ಓದಬೇಕಾಗುತ್ತದೆ ಎನ್ನುವುದು ಅವಳಿಗೆ ತಡೆಯಲಾಗಲಿಲ್ಲ.

ಎದುರಿಗೆ ಹೇಳುವುದಾದರೆ ಜಾಗ ಯಾವುದು? ಇದು ಸಣ್ಣ ವಿಷಯವಲ್ಲ. ಸಹಸ್ರಲಿಂಗಕ್ಕೆ ಬಾ ಎಂದರೆ, ಶಾಲ್ಮಲೆಯ ದಂಡೆಗೆ ಜೋಡಿಗಳು ಹೋಗುವ ಜಾಗ ಅದು, ಕರೆದಿದ್ದೇ ಒಪ್ಪಿಗೆ ಎಂದುಕೊಂಡು ಬರುತ್ತಾನೆ. ಪೇಟೆಯ ಹೋಟೆಲಾದರೆ ಪಕ್ಕದ ಟೇಬಲಿನಲ್ಲಿ ಒಬ್ಬ ಮಾವನೋ ಭಾವನೋ ಇದ್ದೇ ಇರುತ್ತಾರೆ, ದೋಸೆ ಬರುವವರೆಗೆ ಕಾಯಬೇಕು, ಬಂದ ಮೇಲೆ ತಿನ್ನಬೇಕು. ಒಟ್ಟಿಗೆ ಪ್ರಯಾಣ ಮಾಡುವಾಗಂತೂ ಹೇಳಲೇಬಾರದು. ನನ್ನ ಹಳೆಯ ಸಹೋದ್ಯೋಗಿಯೊಬ್ಬಳು ಶಿರಸಿಯಿಂದ ಕುಮಟೆಗೆ ಹೋಗುವ ಬಸ್ಸು ಹತ್ತಿ ಕೂತ ಕೂಡಲೆ ಪಕ್ಕದವನಿಗೆ ಬೇಡ ಎಂದಳಂತೆ. ಆಮೇಲೆ ದೇವಿಮನೆ ಘಟ್ಟದ ಎಲ್ಲ ತಿರುವುಗಳಲ್ಲೂ ಒಬ್ಬರ ಮೇಲೊಬ್ಬರು ವಾಲುತ್ತ, ಮಾತಿಲ್ಲದೆ ಕೆಳಗಿಳಿದರಂತೆ. ಬೇಡ ಎನಿಸಿಕೊಂಡವನಿಗೆ ಮೊದಲು ಬೇಕಾಗುವುದು ಅಲ್ಲಿಂದ ಎದ್ದು ಹೋಗುವ ಅನುಕೂಲ. ತಂಗಿ ಆರಿಸಿದ್ದು ದೇವಿಕೆರೆಯ ಪಕ್ಕ, ಹಗಲು ಹೊತ್ತು, ಆಫೀಸಿನ ಊಟದ ಬಿಡುವು. ಜನ ಓಡಾಡುತ್ತಾರೆ, ಆದರೆ ಯಾರೂ ನಿಂತು ಕೇಳುವುದಿಲ್ಲ. ಅವನ ಬೈಕು ಅಲ್ಲೇ, ಇವಳ ಸ್ಕೂಟಿ ಇಲ್ಲೇ. ಕರೆಯುವಾಗಲೇ ‘ನಿನ್ನ ಮೆಸೇಜಿಗೆ ಸರಿಯಾದ ಉತ್ತರ ಕೊಡಬೇಕು, ಹತ್ತು ನಿಮಿಷದ ಮಾತು’ ಎಂದಿದ್ದಳು. ಒಪ್ಪುವವರು ಹತ್ತು ನಿಮಿಷ ಎನ್ನುವುದಿಲ್ಲ. ಅವನಿಗೆ ಅರ್ಧ ಅಲ್ಲೇ ತಿಳಿದಿರಬೇಕು.

ಬೇಡ ಎನ್ನುವುದನ್ನು ಮೊದಲಿಗೇ ಹೇಳಬೇಕು ಎಂದು ನಾವು ತೀರ್ಮಾನಿಸಿಕೊಂಡಿದ್ದೆವು. ಹೊಗಳಿಕೆಯಿಂದ ಶುರುಮಾಡಿದರೆ ಎದುರಿಗಿದ್ದವನು ಒಂದೊಂದು ವಾಕ್ಯಕ್ಕೂ ‘ಆದರೆ’ ಬರುತ್ತದೆಯೇ ಎಂದು ಉಸಿರು ಹಿಡಿದು ಕಾಯುತ್ತಾನೆ, ಆ ಹೊಗಳಿಕೆ ಅವನ ಕಿವಿಗೇ ಬೀಳುವುದಿಲ್ಲ. ಅವಳು ಹೇಳಿದ್ದು ಇಷ್ಟು: ‘ನಂಗೆ ನಿನ್ನ ಮೇಲೆ ಆ ಥರದ ಮನಸ್ಸು ಇಲ್ಲೆ. ಅದಕ್ಕೇ ಮದ್ವೆ ವಿಚಾರ ಬೇಡ. ಆವತ್ತು ಫೋನಲ್ಲಿ ಪರೀಕ್ಷೆ, ಜಾತಕ ಹೇಳಿ ಸುತ್ತಿ ಮಾತಾಡಿದ್ದು ಬಿಡು, ನಿಜ ಉತ್ತರ ಇದು. ನೀ ನೇರ ಕೇಳಿದ್ದೆ, ಯಾರಿಗೂ ಹೇಳಿದ್ದಿಲ್ಲೆ, ಅದು ನಂಗೆ ದೊಡ್ಡದು. ನಿಂಗೆ ಬೇಜಾರಾಗ್ತು ಗೊತ್ತಿದ್ದು.’

ಅವನು ಕೆರೆಯ ಕಡೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, ‘ತೋಟದ ಮಾಣಿ ಹೇಳಿಯಾ?’

ತೋಟದ ಹುಡುಗ ಎಂದು ಬೇಡವೇ ಎಂಬ ಈ ಪ್ರಶ್ನೆಯ ಭಾರ ಹೊರಗಿನವರಿಗೆ ತಿಳಿಯಲಾರದು. ನಮ್ಮ ಸೀಮೆಯಲ್ಲಿ ಓದಿದ ಹುಡುಗಿಯರು ಬೆಂಗಳೂರು ಹಿಡಿದ ಮೇಲೆ ತೋಟ ನೋಡಿಕೊಂಡು ಊರಲ್ಲಿ ಉಳಿದ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ. ಮೂವತ್ತೈದು, ನಲವತ್ತು ದಾಟಿದವರು ಪ್ರತಿ ಕೇರಿಯಲ್ಲೂ ಇದ್ದಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುತ್ತ ಓಡಾಡುವ ಅವರಿಗೆ ‘ನಿಂದು ಯಾವಾಗಲೋ’ ಎಂದು ಕೇಳುವುದನ್ನೂ ಜನ ಈಗ ಬಿಟ್ಟಿದ್ದಾರೆ. ಇಂಥವನಿಗೆ ಬೇಡ ಎಂದರೆ ಅವನ ಕಿವಿಗೆ ಒಬ್ಬಳ ಮಾತಾಗಿ ಕೇಳುವುದಿಲ್ಲ, ಇಡೀ ಸೀಮೆಯ ತೀರ್ಪಾಗಿ ಕೇಳುತ್ತದೆ. ಈ ಪ್ರಶ್ನೆ ಬಂದೇ ಬರುತ್ತದೆ ಎಂದು ನಮಗೆ ಗೊತ್ತಿತ್ತು. ಅವನು ಕೇಳುವ ಮೊದಲೇ ‘ತೋಟ ಅಂತಲ್ಲ’ ಎಂದು ತಾನಾಗಿ ಹೇಳುವುದು ಬೇಡ ಎಂದೂ ಮಾತಾಡಿಕೊಂಡಿದ್ದೆವು, ಕೇಳದೆ ಅಲ್ಲಗಳೆದರೆ ಅದೇ ಕಾರಣ ಎನಿಸುತ್ತದೆ. ತಂಗಿ ಹೇಳಿದಳು: ‘ಅಲ್ಲ. ನೀ ಬೆಂಗ್ಳೂರಲ್ಲಿ ಕೆಲ್ಸದಲ್ಲಿದ್ರೂ ಇದೇ ಉತ್ತರ.’

ಈ ಒಂದು ವಾಕ್ಯಕ್ಕೆ ನಾವು ಅತಿ ಹೆಚ್ಚು ಹೊತ್ತು ಖರ್ಚು ಮಾಡಿದ್ದೆವು. ಬರೀ ‘ಅಲ್ಲ’ ಎಂದರೆ ಮತ್ತೇನು ಕಾರಣ ಎಂದು ಹುಡುಕುವುದು ಶುರುವಾಗುತ್ತದೆ. ‘ಹಾಗಿದ್ದರೂ ಇದೇ ಉತ್ತರ’ ಎಂದರೆ ತೋಟ ಮಾರಿಯೋ ಪೇಟೆ ಸೇರಿಯೋ ಗೆಲ್ಲಬಹುದಾದ್ದು ಇಲ್ಲಿ ಏನೂ ಇಲ್ಲ ಎಂದಾಯಿತು, ಜೊತೆಗೆ ಅವನ ತೋಟದ ಮರ್ಯಾದೆಯೂ ಉಳಿಯಿತು. ಮುಂದಿನ ಪ್ರಶ್ನೆ ‘ಬೇರೆ ಯಾರಾದ್ರೂ ಇದ್ವಾ?’ ಎಂಬುದು. ಇದಕ್ಕೆ ಹೌದು ಎಂದರೆ ಅವನಿಗೊಬ್ಬ ಎದುರಾಳಿ ಸಿಗುತ್ತಾನೆ, ಇಲ್ಲ ಎಂದರೆ ಜಾಗ ಖಾಲಿ ಇದೆ ಎಂದಾಗುತ್ತದೆ. ತಂಗಿ ಎರಡನ್ನೂ ಹೇಳಲಿಲ್ಲ. ‘ಯಾರಿದ್ರೂ ಇಲ್ದಿದ್ರೂ ಇದೇ ಉತ್ತರ’ ಎಂದಳು. ಮತ್ತೆ ಮತ್ತೆ ಅದೇ ಮಾತು ಬಂದರೆ ಕಲ್ಲು ಮನಸ್ಸಿನವಳು ಎನಿಸಬಹುದು, ಅನಿಸಲಿ. ಪ್ರತಿ ಪ್ರಶ್ನೆಗೂ ಹೊಸ ವಿವರಣೆ ಕೊಟ್ಟರೆ ಅದು ವಾದವಾಗುತ್ತದೆ, ಇವನೋ ತಾಳಮದ್ದಲೆ ಕೇಳಿ ಬೆಳೆದವನು, ವಾದದಲ್ಲಿ ಇವಳಿಗೆ ಬಗ್ಗುವವನಲ್ಲ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ‘ಮುಂದೆ ಯಾವತ್ತಾದ್ರೂ?’ ಪ್ರಾಮಾಣಿಕರು ಸಿಕ್ಕಿಬೀಳುವುದು ಇಲ್ಲಿಯೇ. ಮುಂದಿನದು ಯಾರಿಗೆ ಗೊತ್ತು, ಸುಳ್ಳು ಹೇಳಬಾರದು ಎಂದು ‘ಹೇಳೂಕೆ ಬತ್ತಿಲ್ಲೆ’ ಎಂದುಬಿಡುತ್ತಾರೆ. ಅದು ನಿಜವೇ ಇರಬಹುದು, ಆದರೆ ಅವನು ಅದನ್ನು ಹಿಡಿದುಕೊಂಡು ಎರಡು ವರ್ಷ ಕಾಯುತ್ತಾನೆ. ಅವನು ಕೇಳುತ್ತಿರುವುದು ಭವಿಷ್ಯವನ್ನಲ್ಲ, ತಾನು ಕಾಯಬೇಕೇ ಬೇಡವೇ ಎಂಬುದನ್ನು. ಅದಕ್ಕೆ ಉತ್ತರ ಇವಳ ಹತ್ತಿರ ಇತ್ತು. ‘ಕಾಯಡ’ ಎಂದಳು. ಹೇಳುವಾಗ ಗಂಟಲು ಕಟ್ಟಿತಂತೆ. ಅವನು ತಲೆಯಾಡಿಸಿ, ಹೆಲ್ಮೆಟ್ ಹಾಕಿಕೊಂಡು ಹೋದ. ಹತ್ತು ನಿಮಿಷವೂ ಆಗಿರಲಿಲ್ಲ.

ಕೆಲಸ ಮುಗಿಯಿತು ಎಂದುಕೊಳ್ಳುವುದು ಅಲ್ಲಿಯೇ, ಕೆಡುವುದೂ ಅಲ್ಲಿಂದಲೇ. ಮಾರನೆಯ ವಾರ ಅವನು ಕ್ಲಾಸಿಗೆ ಬರಲಿಲ್ಲ. ತಂಗಿಗೆ ಅಪರಾಧ ಮಾಡಿದ ಭಾವ, ‘ಆರಾಮಿದ್ದಾನಾ ಕೇಳ್ತಿ, ಒಂದೇ ಮೆಸೇಜು’ ಎಂದು ಫೋನು ಹಿಡಿದಳು. ನಾನು ಬೇಡವೆಂದೆ. ಆ ಮೆಸೇಜು ಅವನ ಸಮಾಧಾನಕ್ಕಲ್ಲ, ಇವಳದಕ್ಕೆ. ಹತ್ತು ಸಲ ಸುಮ್ಮನಿದ್ದು ಹನ್ನೊಂದನೆಯ ಸಲ ಕರಗಿ ಉತ್ತರಿಸಿದರೆ, ಹನ್ನೊಂದು ಸಲ ಕೇಳಿದರೆ ಉತ್ತರ ಬರುತ್ತದೆ ಎಂದು ಕಲಿಸಿದ ಹಾಗೆ. ಅವನ ಬಗ್ಗೆ ನಿಜವಾಗಿ ಕಾಳಜಿ ಇದ್ದರೆ ಅವನ ಗೆಳೆಯನೊಬ್ಬನಿಗೆ, ಕಾರಣ ಹೇಳದೆ, ‘ಅವನ್ನ ಸ್ವಲ್ಪ ಮಾತಾಡ್ಸು’ ಎಂದರೆ ಸಾಕಿತ್ತು. ಹಾಗೆಯೇ ಮಾಡಿದಳು. ಮುಂದೆ ಅವನಿಂದ ರಾತ್ರಿ ಒಂದು ಮೆಸೇಜು ಬಂತು, ಹಳೆಯದನ್ನೆಲ್ಲ ಕೆದಕಿ. ಅದಕ್ಕೆ ಇವಳು ಒಂದೇ ಸಲ ಉತ್ತರಿಸಿದಳು: ದೇವಿಕೆರೆ ಹತ್ತಿರ ಹೇಳಿದ್ದೇ ನನ್ನ ಉತ್ತರ, ಈ ವಿಷಯಕ್ಕೆ ಇನ್ನು ಮೆಸೇಜು ಬೇಡ. ಮತ್ತೆ ಬರಲಿಲ್ಲ.

ಬಂದಿದ್ದರೆ? ಬರುವುದುಂಟು, ಅದೇ ಕಾರಣಕ್ಕೆ ಆ ಒಂದು ಉತ್ತರ ಬರಹದಲ್ಲಿ ಇರುವುದು ಒಳ್ಳೆಯದು. ಹೆಣ್ಣು ತನಗೆ ಆಸಕ್ತಿ ಇಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಗಂಡಸು ಮತ್ತೆ ಮತ್ತೆ ಹಿಂಬಾಲಿಸಿದರೆ, ಸಂಪರ್ಕಿಸಲು ನೋಡಿದರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಅದು ಅಪರಾಧ, ಮೊದಲ ಸಲಕ್ಕೇ ಮೂರು ವರ್ಷದವರೆಗೆ ಶಿಕ್ಷೆಯಿದೆ. ಅಲ್ಲಿಗೆ ಹೋದ ಮೇಲೆ ಮಾತಿನ ಆತ್ಮೀಯತೆ ಉಳಿಸಿಕೊಳ್ಳುವ ಹೊಣೆ ಹುಡುಗಿಯದಲ್ಲ, ನಯವೂ ಬೇಕಾಗಿಲ್ಲ. ಮಹಿಳಾ ಸಹಾಯವಾಣಿ 181 ಇದೆ, ತುರ್ತಿಗೆ 112.

ಇವರ ವಿಷಯದಲ್ಲಿ ಬಂದ ತೊಡಕು ಬೇರೆಯದೇ. ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ. ಬೇಸಿಗೆಯಲ್ಲಿ ಅವನ ಅಮ್ಮ ಕ್ಲಾಸಿನವರಿಗೆಂದು ಕಳಿಸಿದ್ದು, ಒಂದು ಇವಳ ಮನೆಗೂ ಬಂದಿತ್ತು. ಉಪ್ಪಿನಕಾಯಿ ಖಾಲಿಯಾಗಿ ಬಾಟಲಿ ಉಳಿದಿತ್ತು, ನಮ್ಮಲ್ಲಿ ಬೇರೆಯವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಬರಿದಾಗಿ ಕೊಟ್ಟರೆ ಏನೂ ಅರಿಯದ ಆ ತಾಯಿಗೆ ಅವಮಾನ, ತೊಡದೇವು ಮಾಡಿ ತುಂಬಿಸಿ ಕೊಟ್ಟರೆ ಮಗನಿಗೆ ಅದರಲ್ಲೇನೋ ಕಾಣುತ್ತದೆ. ನನ್ನ ಚಿಕ್ಕಮ್ಮ ಇದಕ್ಕೆ ಯೋಚನೆಯನ್ನೇ ಮಾಡಲಿಲ್ಲ. ಬಾಟಲಿ ತೊಳೆದು ಒಣಗಿಸಿ, ಯಾರ ಪಾತ್ರೆಗಾದರೂ ಹಾಕುವಂತೆ ಒಂದು ಹಿಡಿ ಸಕ್ಕರೆ ಹಾಕಿ, ಅವರ ಊರಿನ ಕಡೆ ಹೋಗುವವರ ಕೈಯಲ್ಲಿ ಆ ಅಮ್ಮನಿಗೇ ಮುಟ್ಟಿಸಿದರು. ಬರಹದಲ್ಲಿ ನಾವು ಅಕ್ಕ-ತಂಗಿ ಎರಡು ಸಂಜೆ ಒದ್ದಾಡಿದ್ದನ್ನು ಅವರು ಸಕ್ಕರೆ ಡಬ್ಬಿಯ ಎದುರು ಎರಡು ನಿಮಿಷದಲ್ಲಿ ಮುಗಿಸಿದರು.

ಮಳೆ ಕಡಿಮೆಯಾಗುವ ಹೊತ್ತಿಗೆ ಅವನು ಕ್ಲಾಸಿಗೆ ಮರಳಿದ. ಎಲ್ಲರ ಜೊತೆ ಮಾತಾಡುತ್ತಾನೆ, ಇವಳ ಜೊತೆಯೂ. ಆಗ ವಾರ್ಷಿಕ ಕಾರ್ಯಕ್ರಮದ ತಯಾರಿ ಶುರುವಾಯಿತು. ಗುರುಗಳು ತಂಗಿಯ ಪದ್ಯಕ್ಕೆ ಅವನ ಮದ್ದಲೆ ಎಂದು ಗೊತ್ತುಮಾಡಿದರು, ಜೋಡಿ ಹೊಂದುತ್ತದೆ ಎಂದು, ತಾಳದ ಲೆಕ್ಕದಲ್ಲಿ. ಇವಳು ಒಂದು ಸಂಜೆ ಗುರುಗಳ ಹತ್ತಿರ ಹೋಗಿ ಈ ಸಲ ಬೇರೆಯವರ ಮದ್ದಲೆ ಇರಲಿ ಎಂದು ಕೇಳಿಕೊಂಡಳು. ಅವರು ಯಾಕೆ ಎನ್ನಲಿಲ್ಲ.

ಇದು ಅತಿಯಾಯಿತು ಎಂದು ನಾನು ತಂಗಿಗೆ ಹೇಳಿದೆ. ಇಬ್ಬರೂ ದೊಡ್ಡವರು, ಅವನೂ ಸುಧಾರಿಸಿಕೊಂಡಿದ್ದಾನೆ, ಒಂದು ಪ್ರಸಂಗಕ್ಕೆ ಪಕ್ಕದಲ್ಲಿ ಕೂತರೆ ಏನು ಮಹಾ? ಅವಳು ಒಪ್ಪಲಿಲ್ಲ. ‘ಅಕ್ಕಾ, ನಂಗೆ ಅದು ಎರಡು ತಾಸು ಪದ್ಯ ಹೇಳದು ಅಷ್ಟೆ. ಮದ್ದಲೆಯವ ಹಂಗಲ್ಲ. ಆನು ಎಲ್ಲಿ ಎತ್ತುತ್ತಿ, ಎಲ್ಲಿ ಬಿಡ್ತಿ ಹೇಳಿ ಪದ್ಯ ಮುಗಿಯವರೆಗೂ ನನ್ನ ಬಾಯಿ, ನನ್ನ ಕೈತಾಳ ನೋಡ್ತಾ ಇರಕ್ಕು. ಅವಂಗೆ ಆ ಕೆಲ್ಸ ನಾ ಈಗ ಕೊಡ್ಲಾ?’

ಈ ವರ್ಷ ಅವನು ಬೇರೊಬ್ಬರ ಪದ್ಯಕ್ಕೆ ನುಡಿಸುತ್ತಿದ್ದಾನೆ. ಮುಂದಿನ ವರ್ಷದ್ದನ್ನು ಗುರುಗಳು ನೋಡಿಕೊಳ್ಳುತ್ತಾರೆ.